ಕಿವಿ ಗುಂಯ್‌ಗುಡುವವರಿಗೆ ರಾತ್ರಿಯ ಸದ್ದು: ಆ್ಯಪ್, ಸ್ಪೀಕರ್, ಫ್ಯಾನ್, ಇಯರ್‌ಬಡ್ ಹೋಲಿಕೆ

ಹಗಲು ಹೊತ್ತಿನಲ್ಲಿ ಕಿವಿಯ ಗುಂಯ್ ಯಾರಿಗೂ ಅಷ್ಟು ಕಾಟ ಕೊಡುವುದಿಲ್ಲ. ಬಸ್ಸು, ಟಿವಿ, ಮಿಕ್ಸಿ, ಮಾತುಕತೆ ಎಲ್ಲ ಸೇರಿ ಅದನ್ನು ಮುಚ್ಚಿಟ್ಟಿರುತ್ತವೆ. ದೀಪ ಆರಿಸಿ ಮಲಗಿದ ಮೇಲೆ ಅದೊಂದೇ ಉಳಿಯುತ್ತದೆ. ಚಿಕ್ಕಮಗಳೂರು, ಮೂಡಿಗೆರೆ, ಸಕಲೇಶಪುರದ ಕಡೆ ತೋಟದ ನಡುವಿನ ಮನೆಗಳಲ್ಲಿ ಚಳಿಗಾಲದ ರಾತ್ರಿ ಎಷ್ಟು ನಿಶ್ಶಬ್ದ ಅಂದರೆ, ಹಗಲೆಲ್ಲ ಗೊತ್ತೇ ಆಗದ ಮೊರೆತ ಆಗ ತಲೆಯೊಳಗೆ ಜೀರುಂಡೆ ಕೂತ ಹಾಗೆ ಕೇಳುತ್ತದೆ. ವೈಟ್ ನಾಯ್ಸ್ ಆ್ಯಪ್ ಹುಡುಕಿಕೊಂಡು ಹೊರಡುವವರಲ್ಲಿ ಬಹಳ ಮಂದಿ ಇಂಥವರೇ. ಆದರೆ ಆ್ಯಪ್ ಸ್ಟೋರ್ ತೆರೆದರೆ ನೂರಾರು ಆ್ಯಪ್‌ಗಳು, ಅಂಗಡಿಗೆ ಹೋದರೆ ಬಗೆಬಗೆಯ ಸ್ಪೀಕರ್‌ಗಳು. ಯಾವುದು ಸರಿ ಅನ್ನುವ ಪ್ರಶ್ನೆ ಅಲ್ಲಿಂದ ಶುರುವಾಗುತ್ತದೆ.

ಮೊದಲೇ ಹೇಳಿಬಿಡಬೇಕಾದ ಮಾತೊಂದಿದೆ. ಸದ್ದು ಹಾಕಿಕೊಳ್ಳುವುದು ಮೊರೆತಕ್ಕೆ ಔಷಧಿ ಅಲ್ಲ. ಅದು ಮೌನವನ್ನು ಒಡೆಯುತ್ತದೆ, ಮೊರೆತ ಎದ್ದು ಕಾಣದ ಹಾಗೆ ಮಾಡುತ್ತದೆ, ಅಷ್ಟೇ. ಒಂದೇ ಕಿವಿಯಲ್ಲಿ ಮೊರೆತವಿದ್ದರೆ, ನಾಡಿ ಬಡಿತದ ತಾಳಕ್ಕೆ ಸರಿಯಾಗಿ ಧಬ್ ಧಬ್ ಅನ್ನುತ್ತಿದ್ದರೆ, ಜೊತೆಗೆ ತಲೆಸುತ್ತು ಬರುತ್ತಿದ್ದರೆ ಆ್ಯಪ್ ಹುಡುಕುವ ಮೊದಲು ಇಎನ್‌ಟಿ ಡಾಕ್ಟರಿಗೆ ತೋರಿಸಿ. ಕಿವಿ ಇದ್ದಕ್ಕಿದ್ದ ಹಾಗೆ ಮಂದವಾಗಿದ್ದರಂತೂ ಅದೇ ದಿನ ಹೋಗಬೇಕು. ಅದಕ್ಕೆ ಕೊಡುವ ಸ್ಟೀರಾಯ್ಡ್ ಬೇಗ ಶುರುವಾದಷ್ಟೂ ಫಲ ಹೆಚ್ಚು. ಇನ್ನು ಕೆಲವರಿಗೆ ಬರೀ ಗುಗ್ಗೆ ಗಟ್ಟಿಯಾಗಿ ಅಡ್ಡ ಕೂತಿರುತ್ತದೆ. ಅದನ್ನು ತೆಗೆಸಿದರೆ ಮೊರೆತವೂ ಹೋಗಬಹುದು, ಆ್ಯಪಿನ ಅಗತ್ಯವೇ ಬೀಳದೆ ಇರಬಹುದು.

ಯಾವುದನ್ನು ಆರಿಸಿಕೊಂಡರೂ ನಾಲ್ಕು ವಿಷಯ ನೋಡಬೇಕು. ಆ ಸದ್ದು ನಿಮ್ಮ ಮೊರೆತದ ಸ್ವರಕ್ಕೆ ತಾಗುತ್ತದೆಯೇ? ದಿಂಬಿನ ಹತ್ತಿರ ಅದರ ಮಟ್ಟ ಎಷ್ಟು? ಬೆಳಗಿನವರೆಗೂ ನಿಲ್ಲದೆ ನಡೆಯುತ್ತದೆಯೇ? ಪಕ್ಕದಲ್ಲಿ ಮಲಗಿದವರು ಸಹಿಸಿಕೊಳ್ಳುತ್ತಾರೆಯೇ? ಬೆಲೆಯ ಲೆಕ್ಕ ಇದೆಲ್ಲ ಆದ ಮೇಲೆ. ಸಾವಿರಾರು ರೂಪಾಯಿಯ ಯಂತ್ರ ತಂದು ಮೊದಲನೆಯ ಪ್ರಶ್ನೆಯಲ್ಲೇ ಎಡವಿದವರಿದ್ದಾರೆ, ಆದ್ದರಿಂದ ಅಲ್ಲಿಂದಲೇ ಹಿಡಿಯೋಣ.

ಸ್ವರಕ್ಕೆ ಸ್ವರ

ವೈಟ್ ನಾಯ್ಸ್ ಅಂದರೆ ಹಳೇ ಟಿವಿಯಲ್ಲಿ ಚಾನೆಲ್ ಸಿಗದಿದ್ದಾಗ ಬರುತ್ತಿದ್ದ ‘ಶ್ಶ್’ ಸದ್ದು. ಕೆಳಗಿನ ಗುಡುಗಿನಂಥ ಸ್ವರದಿಂದ ಮೇಲಿನ ಚೂಪು ಸ್ವರದವರೆಗೆ ಎಲ್ಲ ಕಂಪನಾಂಕಗಳಿಗೂ ಅದರಲ್ಲಿ ಸಮಪಾಲು. ನಮ್ಮ ಕಿವಿಗೆ ಅದು ಚೂಪಾಗಿಯೇ ಕೇಳುತ್ತದೆ. ಪಿಂಕ್ ನಾಯ್ಸ್‌ನಲ್ಲಿ ಸ್ವರ ದುಪ್ಪಟ್ಟು ಮೇಲೇರಿದಂತೆಲ್ಲ ಶಕ್ತಿ 3 ಡೆಸಿಬೆಲ್ ಇಳಿಯುತ್ತದೆ, ಒಂದೇ ಸಮನೆ ಸುರಿಯುವ ಮಳೆಗೆ ಹತ್ತಿರದ ಸದ್ದು ಅದು. ಬ್ರೌನ್ ನಾಯ್ಸ್‌ನಲ್ಲಿ 6 ಡೆಸಿಬೆಲ್ ಇಳಿಯುತ್ತದೆ. ದೂರದ ಜಲಪಾತದ ಹಾಗೆ ಗಂಭೀರವಾಗಿ, ಹಿತವಾಗಿ ಇರುತ್ತದೆ. ಈಚೆಗೆ ಎಲ್ಲರೂ ಹೊಗಳುವುದು ಇದನ್ನೇ.

ಕಿವಿ ಮೊರೆತದವರು ಎಡವುವುದೂ ಇಲ್ಲೇ. ವಯಸ್ಸಿನಿಂದಲೋ ಯಂತ್ರದ ಗಲಾಟೆಯಿಂದಲೋ ಬಂದ ಮೊರೆತ ಸಾಮಾನ್ಯವಾಗಿ 3,000ದಿಂದ 8,000 ಹರ್ಟ್ಜ್ ನಡುವೆ ಇರುತ್ತದೆ, ಅಂದರೆ ಶ್ರವಣ ಕುಂದಿದ ಜಾಗದಲ್ಲೇ. ಬ್ರೌನ್ ನಾಯ್ಸ್‌ನಲ್ಲಿ ಆ ಎತ್ತರದ ಸ್ವರ ಇಲ್ಲವೆನ್ನುವಷ್ಟು ಕಡಿಮೆ. ಜೊತೆಗೆ ಫೋನಿನ ಪುಟ್ಟ ಸ್ಪೀಕರ್‌ಗೆ ಸುಮಾರು 500 ಹರ್ಟ್ಜ್‌ಗಿಂತ ಕೆಳಗಿನದನ್ನು ಸರಿಯಾಗಿ ಹೊರಡಿಸಲು ಆಗುವುದಿಲ್ಲ. ಬ್ರೌನ್ ನಾಯ್ಸ್‌ನ ಜೀವ ಇರುವುದೇ ಅಲ್ಲಿ. ಹಾಗಾಗಿ ಫೋನಿನಲ್ಲಿ ಬ್ರೌನ್ ಹಾಕಿದವರು ವಾಲ್ಯೂಮ್ ಏರಿಸುತ್ತಾರೆ, ಏರಿಸುತ್ತಾರೆ, ಕೊನೆಗೆ ಫುಲ್ ಇಟ್ಟರೂ ಮೊರೆತ ಅದರ ಮೇಲೇ ತೇಲುತ್ತಿರುತ್ತದೆ. ವಾಲ್ಯೂಮ್ ಹೆಚ್ಚಿಸುತ್ತಲೇ ಹೋಗಬೇಕಾಗಿ ಬಂತೆಂದರೆ ಸದ್ದಿನ ಆಯ್ಕೆ ತಪ್ಪಿದೆ ಎಂದು ತಿಳಿಯಬೇಕು.

ನಿಮ್ಮ ಮೊರೆತದ ಸ್ವರ ಎಷ್ಟೆಂದು ಮನೆಯಲ್ಲೇ ಅಂದಾಜು ಮಾಡಬಹುದು. ಯಾವುದಾದರೂ ಉಚಿತ ಟೋನ್ ಜನರೇಟರ್ ಆ್ಯಪ್‌ನಲ್ಲಿ ವಾಲ್ಯೂಮ್ ತೀರಾ ಕಡಿಮೆ ಇಟ್ಟುಕೊಂಡು 1,000 ಹರ್ಟ್ಜ್‌ನಿಂದ ನಿಧಾನವಾಗಿ ಮೇಲೆ ಹೋಗಿ. ನಿಮ್ಮ ಮೊರೆತದ ಜೊತೆ ಒಂದಾಗುವ ಜಾಗ ಸಿಕ್ಕರೆ, ಅದರ ಅರ್ಧ ಮತ್ತು ದುಪ್ಪಟ್ಟನ್ನೂ ಕೇಳಿ ನೋಡಿ. 3,000 ಮತ್ತು 6,000 ಒಂದೇ ಸ್ವರದ ಹಾಗೆ ಕೇಳಿಸಿ ಮೋಸವಾಗುವುದು ತೀರಾ ಸಾಮಾನ್ಯ. ಸ್ವರ ಎತ್ತರದ್ದಾಗಿದ್ದರೆ ವೈಟ್, ಪಿಂಕ್, ಎಲೆಯ ಮೇಲೆ ಬೀಳುವ ಮಳೆ, ಜೀರುಂಡೆ, ಝರಿ ಇಂಥವನ್ನು ಮೊದಲು ನೋಡಿ. ಮೊರೆತವೇ ‘ಬುಂಯ್’ ಅನ್ನುವ ಕೆಳಸ್ವರದ್ದಾದರೆ ಬ್ರೌನ್ ಮತ್ತು ಫ್ಯಾನಿಗೆ ಅರ್ಥವಿದೆ. ಇದು ಕಲ್ಲಿನ ಮೇಲೆ ಬರೆದ ನಿಯಮವಲ್ಲ. ಮೊರೆತ ಹೊರಗಿನ ಸದ್ದಿನಂತೆ ವರ್ತಿಸುವುದಿಲ್ಲ, ಕೆಲವರಿಗೆ ಸ್ವರ ಕೂಡದಿದ್ದರೂ ಮೆದು ಸದ್ದೇ ಸಾಕಾಗುತ್ತದೆ. ಒಂದೊಂದನ್ನೂ ಎರಡು ನಿಮಿಷ ಕೇಳಿ, ಮೊರೆತ ಎಷ್ಟು ಹಿಂದೆ ಸರಿಯಿತು ಅಂತ ಗಮನಿಸುವುದೇ ಕೊನೆಯ ಪರೀಕ್ಷೆ.

ಎಷ್ಟು ಸದ್ದು

ಮೊರೆತವನ್ನು ಪೂರ್ತಿ ಮುಳುಗಿಸಿಬಿಡಬೇಕು ಅನ್ನುವುದು ಸಹಜ ಆಸೆ. ಆದರೆ ಮೊರೆತಕ್ಕೆ ಚಿಕಿತ್ಸೆ ಕೊಡುವ ಆಡಿಯಾಲಜಿಸ್ಟರು ಬಹುಮಟ್ಟಿಗೆ ಹೇಳುವುದು ಬೇರೆ: ಮೊರೆತ ಕರಗುವುದಕ್ಕೆ ಸ್ವಲ್ಪ ಮುಂಚೆಯೇ ನಿಲ್ಲಿಸಿ. ಎರಡು ಸದ್ದೂ ಒಂದರೊಳಗೊಂದು ಬೆರೆತು, ಮೊರೆತ ಇನ್ನೂ ಎಳೆಯಾಗಿ ಕೇಳುತ್ತಿರಬೇಕು. ಅದು ಕೇಳುತ್ತಲೇ ಇದ್ದು ಏನೂ ಆಗುತ್ತಿಲ್ಲ ಅನ್ನುವುದನ್ನು ಮೆದುಳು ಅಭ್ಯಾಸ ಮಾಡಿಕೊಳ್ಳಲಿ ಅನ್ನುವುದು ಇದರ ಹಿಂದಿನ ಲೆಕ್ಕ. ಸೊನ್ನೆಯಿಂದ ಏರಿಸುತ್ತಾ ಬನ್ನಿ, ಮೊರೆತ ಮಾಯವಾದ ಕಡೆ ನಿಂತು, ಅಲ್ಲಿಂದ ಎರಡು ಮೆಟ್ಟಿಲು ಇಳಿಸಿ.

ಅಂಕಿಯಲ್ಲಿ ಹೇಳಬೇಕೆಂದರೆ ದಿಂಬಿನ ಮೇಲೆ 40ರಿಂದ 45 ಡೆಸಿಬೆಲ್ ಸಾಕು, 50 ಮಿತಿ. ಮೆಲ್ಲಗೆ ಸುರಿಯುವ ಮಳೆಯನ್ನು ಮುಚ್ಚಿದ ಕಿಟಕಿಯೊಳಗಿಂದ ಕೇಳಿದ ಹಾಗೆ. ಇಲ್ಲಿ ಎರಡು ಮಿತಿಗಳನ್ನು ಬೆರೆಸಬಾರದು. ಕಿವಿಗೆ ಪೆಟ್ಟಾಗುವ ಮಟ್ಟ ಇದಕ್ಕಿಂತ ಬಹಳ ಮೇಲಿದೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ದೊಡ್ಡವರಿಗೆ 80 ಡೆಸಿಬೆಲ್ ವಾರಕ್ಕೆ 40 ಗಂಟೆ, ಮಕ್ಕಳಿಗೆ 75. ಆದರೆ ನಿದ್ದೆ ಕೆಡಲು ಅಷ್ಟೆಲ್ಲ ಬೇಕಿಲ್ಲ, 50 ದಾಟಿದರೆ ನಿದ್ದೆಗೆಂದು ಹಾಕಿದ ಸದ್ದೇ ನಿದ್ದೆ ಕೆಡಿಸುತ್ತದೆ. ಒಂದು ತೋಳಿನಷ್ಟು ದೂರದಲ್ಲಿರುವವರ ಜೊತೆ ಪಿಸುಮಾತಿನಲ್ಲಿ ಮಾತಾಡಿ ನೋಡಿ. ಪಿಸುಮಾತು ಅರ್ಥವಾಗದೆ ದನಿ ಎತ್ತಬೇಕಾದರೆ ಸದ್ದು ಹೆಚ್ಚಾಗಿದೆ.

ಅಳೆಯುವುದಾದರೆ ಐಫೋನಿನಲ್ಲಿ NIOSH SLM ಅನ್ನುವ ಉಚಿತ ಆ್ಯಪ್ ನಂಬಬಹುದು, ಅಮೆರಿಕದ ಸರ್ಕಾರಿ ಸಂಸ್ಥೆ ಮಾಡಿದ್ದು. ಆಂಡ್ರಾಯ್ಡ್‌ನಲ್ಲಿ ಮಾಡೆಲ್‌ನಿಂದ ಮಾಡೆಲ್‌ಗೆ ಮೈಕ್ ಬೇರೆಯಾಗಿರುವುದರಿಂದ ಐದಾರು ಡೆಸಿಬೆಲ್ ಹೆಚ್ಚುಕಮ್ಮಿ ತೋರಿಸಿದರೂ ಆಶ್ಚರ್ಯವಿಲ್ಲ. ಯಾವ ಫೋನಾದರೂ ಸದ್ದನ್ನು ಬೇರೆ ಸಾಧನದಿಂದ ಹೊರಡಿಸಿ, ಅಳೆಯುವ ಫೋನನ್ನು ದಿಂಬಿನ ಮೇಲೆ ತಲೆ ಬರುವ ಜಾಗದಲ್ಲೇ ಇಡಬೇಕು. ಮೇಜಿನ ಮೇಲೆ ಅಳೆದು ದಿಂಬಿನ ಲೆಕ್ಕ ಹಾಕಿದರೆ ಉಪಯೋಗವಿಲ್ಲ.

ಮಗು ಮಲಗುವ ಕೋಣೆಯಾದರೆ ಲೆಕ್ಕ ಇನ್ನೂ ಬಿಗಿ. 2014ರಲ್ಲಿ ಕೆನಡಾದ ಸಂಶೋಧಕರು ಮಕ್ಕಳ ನಿದ್ದೆಗೆಂದು ಮಾರುವ 14 ಯಂತ್ರಗಳನ್ನು ಪೂರ್ಣ ವಾಲ್ಯೂಮ್‌ನಲ್ಲಿ ಪರೀಕ್ಷಿಸಿದಾಗ 30 ಸೆಂಟಿಮೀಟರ್‌ನಲ್ಲಿ ಎಲ್ಲವೂ 50 ಡೆಸಿಬೆಲ್ ದಾಟಿದವು, ಮೂರು 85ನ್ನೂ ದಾಟಿದವು. ತೊಟ್ಟಿಲಿಗೆ ಸ್ಪೀಕರ್ ಕಟ್ಟುವುದು ಬೇಡವೇ ಬೇಡ. ಕನಿಷ್ಠ ಏಳು ಅಡಿ ದೂರ, ವಾಲ್ಯೂಮ್ ಆದಷ್ಟು ಕೆಳಗೆ.

ಎಲ್ಲಿಂದ ಹೊರಡಬೇಕು

ಫೋನನ್ನು ದಿಂಬಿನ ಕೆಳಗಿಟ್ಟು ಸದ್ದು ಹಾಕುವ ಅಭ್ಯಾಸ ಬಿಡಿ. ಫೋನ್ ಬಿಸಿಯಾಗುತ್ತದೆ, ಅದಕ್ಕಿಂತ ಮುಖ್ಯವಾಗಿ ದಿಂಬಿನ ಹತ್ತಿ ಎತ್ತರದ ಸ್ವರವನ್ನು ನುಂಗಿಬಿಡುತ್ತದೆ. ಮೊರೆತಕ್ಕೆ ಬೇಕಾದದ್ದು ಅದೇ ಎತ್ತರದ ಸ್ವರ. ಅದು ಟಾರ್ಚಿನ ಬೆಳಕಿನ ಹಾಗೆ, ನೇರ ಹೋಗುತ್ತದೆ, ಅಡ್ಡ ಬಂದದ್ದಕ್ಕೆ ನಿಲ್ಲುತ್ತದೆ. ಬೀರುವಿನ ಹಿಂದೆ, ಮಂಚದ ಕೆಳಗೆ ಸ್ಪೀಕರ್ ಇಟ್ಟರೆ ‘ಶ್ಶ್’ ಅಲ್ಲೇ ಉಳಿದು ‘ಬುಸ್’ ಮಾತ್ರ ಮೇಲೆ ಬರುತ್ತದೆ. ಹಾಸಿಗೆಗಿಂತ ಒಂದಡಿ ಎತ್ತರದಲ್ಲಿ, ತಲೆಯಿಂದ 5–6 ಅಡಿ ದೂರದಲ್ಲಿ, ಮುಖ ನಿಮ್ಮ ಕಡೆಗೆ ತಿರುಗಿರುವಂತೆ ಇಡಿ. ಗೋಡೆಯ ಮೂಲೆ ಬೇಡ, ಮೂಲೆಯಲ್ಲಿ ಕೆಳಸ್ವರ ಉಬ್ಬುತ್ತದೆ. ಒಂದು ಮಗ್ಗುಲಿಗೇ ಮಲಗುವವರಾದರೆ ಮೇಲೆ ಉಳಿಯುವ ಕಿವಿಯ ಕಡೆಗೆ ಸ್ಪೀಕರ್ ಇರಲಿ.

ತೊಂದರೆ ಮೊರೆತವಲ್ಲ, ಬಿ.ಎಂ. ರಸ್ತೆಯ ಲಾರಿಗಳು ಅನ್ನುವವರಿಗೆ ಜಾಗ ಬೇರೆ: ಸ್ಪೀಕರ್ ಕಿಟಕಿಗೂ ತಲೆಗೂ ನಡುವೆ, ಕಿಟಕಿಯ ಹತ್ತಿರ. ಅವರಿಗೆ ಬ್ರೌನ್ ನಾಯ್ಸ್ ಒಳ್ಳೆಯದೇ, ಯಾಕೆಂದರೆ ಲಾರಿಯ ಇಂಜಿನ್ನೂ ಕೆಳಸ್ವರದ್ದು. ಆದರೆ ಅದಕ್ಕೆ ಫೋನ್ ಸಾಲದು, ಅಂಗೈಗಿಂತ ದೊಡ್ಡ ಸ್ಪೀಕರ್ ಬೇಕು.

ಆಯ್ಕೆಗಳು

ಫ್ಯಾನ್. ಖರ್ಚಿಲ್ಲ, ಜಾಹೀರಾತಿಲ್ಲ, ಒಂದೇ ತುಣುಕು ಮತ್ತೆ ಮತ್ತೆ ಸುತ್ತುವ ಲೂಪ್ ಇಲ್ಲ. ಹಾಸನದ ಏಪ್ರಿಲ್‌ಗೆ ಇದಕ್ಕಿಂತ ಬೇರೆ ಬೇಡ. ಆದರೆ ಡಿಸೆಂಬರ್‌ನ ಚಿಕ್ಕಮಗಳೂರಿನಲ್ಲಿ ಫ್ಯಾನ್ ಹಾಕಿ ಮಲಗುವವರು ಯಾರು? ಟೇಬಲ್ ಫ್ಯಾನನ್ನು ಗೋಡೆಗೆ ಮುಖ ಮಾಡಿ ತಿರುಗಿಸಿಟ್ಟರೆ ಗಾಳಿ ತಾಗದೆ ಸದ್ದು ಮಾತ್ರ ಸಿಗುತ್ತದೆ. ಅದರ ಸದ್ದು ಹೆಚ್ಚಾಗಿ ಕೆಳಸ್ವರದ್ದು, ಚೂಪು ಮೊರೆತಕ್ಕೆ ಅರ್ಧ ಕೆಲಸ ಮಾತ್ರ ಮಾಡುತ್ತದೆ. ಕರೆಂಟು ಹೋದ ಕ್ಷಣ ಮೌನ, ಆ ಮೌನಕ್ಕೇ ಎಚ್ಚರವಾಗುತ್ತದೆ.

ಫೋನ್‌ನೊಳಗೇ ಇರುವ ಸೌಲಭ್ಯ. ಐಫೋನ್ ಇದ್ದವರು ಯಾವ ಆ್ಯಪ್ ಹಾಕಿಕೊಳ್ಳುವ ಮುಂಚೆಯೂ Settings ತೆರೆದು Background Sounds ಅಂತ ಹುಡುಕಿ. 2021ರ ಐಒಎಸ್ 15ರಿಂದ ಇದು ಉಚಿತವಾಗಿ ಬಂದಿದೆ. ಮೊರೆತದವರಿಗೆ Bright Noise ಮತ್ತು Rain, ಲಾರಿ ಸದ್ದಿನವರಿಗೆ Dark Noise. ಒಮ್ಮೆ ಇಳಿಸಿಕೊಂಡರೆ ನೆಟ್ ಬೇಡ, ಜಾಹೀರಾತಿಲ್ಲ.

ಯೂಟ್ಯೂಬ್ ವಿಡಿಯೊ. ರುಚಿ ನೋಡಲು ಒಳ್ಳೆಯದು, ರಾತ್ರಿಯಿಡೀ ಬೇಡ. ಹಣ ಕೊಡದವರಿಗೆ ಪರದೆ ಆರಿದರೆ ನಿಲ್ಲುತ್ತದೆ, ಮಧ್ಯರಾತ್ರಿ ಜಾಹೀರಾತು ಕಿರುಚಿಕೊಳ್ಳುತ್ತದೆ. ಬರೀ ಧ್ವನಿಯೇ 128 ಕಿಲೋಬಿಟ್‌ನಲ್ಲಿ ಎಂಟು ಗಂಟೆಗೆ ಸುಮಾರು 460 ಎಂಬಿ, ಚಿತ್ರದ್ದು ಬೇರೆ.

ಸಾಮಾನ್ಯ ನಿದ್ದೆ ಆ್ಯಪ್‌ಗಳು. ಇಲ್ಲಿ ಸದ್ದುಗಳ ಸಂಖ್ಯೆ ನೋಡಿ ಮರುಳಾಗಬೇಡಿ. ನೂರು ಸದ್ದಿದ್ದು ಪ್ರತಿಯೊಂದೂ 30 ಸೆಕೆಂಡಿನ ತುಣುಕಾದರೆ, ಅದೇ ಹನಿ ಅದೇ ಜಾಗದಲ್ಲಿ ಮತ್ತೆ ಬೀಳುವುದನ್ನು ಕಿವಿ ಎರಡೇ ರಾತ್ರಿಯಲ್ಲಿ ಹಿಡಿದುಬಿಡುತ್ತದೆ. ಆಮೇಲೆ ಅದನ್ನೇ ಕಾಯುತ್ತಾ ಮಲಗುತ್ತೀರಿ. ಇಳಿಸಿಕೊಂಡ ಕೂಡಲೇ ಐದು ನಿಮಿಷ ಕಣ್ಣು ಮುಚ್ಚಿ ಕೇಳಿ, ಸೇರಿಕೆಯಲ್ಲಿ ‘ಟಿಕ್’ ಅನ್ನುತ್ತದೆಯೇ ನೋಡಿ. ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿದರೂ ನಡೆಯಬೇಕು. ಆಂಡ್ರಾಯ್ಡ್‌ನಲ್ಲಿ ಒಂದೆರಡು ಗಂಟೆಗೆ ತಾನಾಗಿ ನಿಂತರೆ ಆ್ಯಪಿನ ತಪ್ಪಲ್ಲದಿರಬಹುದು. ಆ ಆ್ಯಪಿನ ಬ್ಯಾಟರಿ ಸೆಟ್ಟಿಂಗ್‌ನಲ್ಲಿ ಅದಕ್ಕಿರುವ ನಿರ್ಬಂಧ ತೆಗೆಯಿರಿ.

ಮೊರೆತಕ್ಕೆಂದೇ ಇರುವವು. ReSound Relief ಶ್ರವಣಸಾಧನದ ಕಂಪನಿಯೊಂದರದ್ದು, ಹಲವು ಸದ್ದುಗಳನ್ನು ಪದರ ಪದರವಾಗಿ ಬೆರೆಸಿಕೊಳ್ಳಬಹುದು. myNoise ಇನ್ನೊಂದು ದಾರಿ. ಅದರಲ್ಲಿ ಹತ್ತು ಸ್ಲೈಡರ್‌ಗಳಿವೆ, ನಾಯ್ಸ್ ಪುಟಗಳಲ್ಲಿ ಒಂದೊಂದೂ ಒಂದೊಂದು ಸ್ವರಪಟ್ಟಿಗೆ. ಮೊರೆತದ ಸ್ವರ ಗೊತ್ತಿರುವವರಿಗೆ ಇದೇ ನಮ್ಮ ಮೊದಲ ಶಿಫಾರಸು, ಯಾಕೆಂದರೆ ಒಟ್ಟು ವಾಲ್ಯೂಮ್ ಏರಿಸದೆ ಬೇಕಾದ ಸ್ವರವನ್ನಷ್ಟೇ ಎತ್ತಬಹುದು.

ಮೆಮೊರಿ ಕಾರ್ಡ್ ಹಾಕುವ ಸ್ಪೀಕರ್. ಭಜನೆ, ಹಳೇ ಹಾಡು ಕೇಳಲು ಮನೆಮನೆಯಲ್ಲೂ ಇರುವ ಡಬ್ಬಿ ಅದೇ. ಯಾರೂ ಇದನ್ನು ನಿದ್ದೆ ಯಂತ್ರ ಅಂತ ಮಾರುವುದಿಲ್ಲ, ಆದರೆ ವಯಸ್ಸಾದವರಿಗೆ ಇದರಷ್ಟು ಸರಳ ಬೇರೆ ಇಲ್ಲ. ನೆಟ್ ಬೇಡ, ಫೋನ್ ಬೇಡ, ನಡುರಾತ್ರಿ ವಾಟ್ಸಾಪಿನ ‘ಟಿಂಗ್’ ಇಲ್ಲ. ಕಂಪ್ಯೂಟರಿನಲ್ಲಿ ffmpeg ಅನ್ನುವ ತಂತ್ರಾಂಶ ಇರುವ ಮಗನೋ ಮಗಳೋ ಒಂದು ಗಂಟೆಯ ಪಿಂಕ್ ನಾಯ್ಸ್ ಫೈಲನ್ನು ಹೀಗೆ ಮಾಡಿಕೊಡಬಹುದು:

```
ffmpeg -f lavfi -i anoisesrc=d=3600:c=pink:r=44100:a=0.5 -b:a 96k pink.mp3
```

ಸುಮಾರು 43 ಎಂಬಿ ಆಗುತ್ತದೆ. ವೈಟ್ ಬೇಕಾದರೆ `c=white`. ಕಾರ್ಡಿನಲ್ಲಿ ಅದೊಂದೇ ಫೈಲ್ ಇದ್ದರೆ ಸ್ಪೀಕರ್ ಅದನ್ನೇ ಮತ್ತೆ ಮತ್ತೆ ಹಾಡುತ್ತದೆ, ಸೇರಿಕೆಯ ತಡೆ ಗಂಟೆಗೊಮ್ಮೆ ಮಾತ್ರ. ಒಂದೇ ತಕರಾರು: ಆನ್ ಮಾಡಿದಾಗ ಗಟ್ಟಿ ದನಿಯಲ್ಲಿ ಏನಾದರೂ ಘೋಷಿಸುವ ಸ್ಪೀಕರ್‌ಗಳಿವೆ. ಕೊಳ್ಳುವಾಗ ಅಂಗಡಿಯಲ್ಲೇ ಆನ್ ಮಾಡಿಸಿ ಕೇಳಿ.

ಬ್ಲೂಟೂತ್ ಸ್ಪೀಕರ್. ದನಿ ಚೆನ್ನ, ಆದರೆ ಕಾಟವೂ ಉಂಟು. ಸದ್ದು ತೀರಾ ಕಡಿಮೆ ಇದ್ದರೆ ಏನೂ ಬರುತ್ತಿಲ್ಲ ಎಂದುಕೊಂಡು ಹತ್ತು ಹದಿನೈದು ನಿಮಿಷಕ್ಕೆ ಆರಿಹೋಗುವವಿವೆ. ಫೋನಿನ ವಾಲ್ಯೂಮ್ ಮುಕ್ಕಾಲಿಗಿಟ್ಟು ಸ್ಪೀಕರಿನದನ್ನು ಇಳಿಸಿ ನೋಡಿ. ಎರಡೂ ಒಟ್ಟಿಗೇ ಏರಿಳಿಯುವ ಮಾದರಿಯಾದರೆ ತಂತಿ ಹಾಕುವುದೇ ದಾರಿ.

ದಿಂಬಿನೊಳಗಿನ ಸ್ಪೀಕರ್. ಪಕ್ಕದವರಿಗೆ ಕೇಳಲೇಬಾರದು ಅನ್ನುವವರಿಗೆ. ಚಪ್ಪಟೆ ಬಿಲ್ಲೆಯಂತಿರುತ್ತದೆ, ದಿಂಬಿನ ಗವಸಿನೊಳಗೆ ಇಡಬೇಕು, ದಿಂಬಿನ ಕೆಳಗಲ್ಲ. ಕಿವಿಗೆ ತೀರಾ ಹತ್ತಿರವಾದ್ದರಿಂದ ಫೋನಿನ ವಾಲ್ಯೂಮ್ ಒಂದೆರಡು ಗೀಟಿಗಿಂತ ಮೇಲೆ ಹೋಗಬಾರದು. ಹೊರಳಿದರೆ ಸದ್ದು ಕಳೆದುಹೋಗುತ್ತದೆ.

ಇಯರ್‌ಬಡ್. ಬೇಡ. ಮಗ್ಗುಲಾದರೆ ಒತ್ತಿ ನೋಯುತ್ತದೆ, ಗುಗ್ಗೆಯನ್ನು ಒಳಗೆ ತಳ್ಳುತ್ತದೆ, ಹೊರಗಿನ ಸದ್ದು ಮುಚ್ಚಿಹೋಗಿ ಮೊರೆತ ಇನ್ನೂ ಎದ್ದು ಕೇಳುತ್ತದೆ. ಮಳೆಗಾಲದ ಮಲೆನಾಡಿನಲ್ಲಿ ರಾತ್ರಿಯಿಡೀ ಮುಚ್ಚಿದ ಒದ್ದೆ ಕಿವಿಗೆ ಫಂಗಸ್ ಹಿಡಿಯುವುದೂ ಸುಲಭ. ಬಸ್ಸಿನಲ್ಲಿ ಒಂದು ಗಂಟೆ ನಿದ್ದೆಗೆ ಆದೀತು.

ಒಂದು ಮನೆಯ ಲೆಕ್ಕ

ಚಿಕ್ಕಮಗಳೂರಿನ ಕಾಫಿ ಕ್ಯೂರಿಂಗ್ ವರ್ಕ್ಸ್ ಒಂದರಲ್ಲಿ ಮೂವತ್ತು ವರ್ಷ ಹಲ್ಲಿಂಗ್ ಯಂತ್ರದ ಪಕ್ಕ ದುಡಿದ, ಈಗ 62ರ ಯಜಮಾನರೊಬ್ಬರನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ಎರಡೂ ಕಿವಿಯಲ್ಲಿ ಚೂಪು ಮೊರೆತ, ಡಾಕ್ಟರು ನೋಡಿಯಾಗಿದೆ. ನಿದ್ದೆ ಹತ್ತುತ್ತದೆ, ಆದರೆ ಮೂರು ಗಂಟೆಗೆ ಎಚ್ಚರವಾದರೆ ಮತ್ತೆ ಬರುವುದಿಲ್ಲ. ಕೋಣೆ 10 ಅಡಿಗೆ 12 ಅಡಿ, ಮನೆಯಾಕೆ ಅದೇ ಕೋಣೆಯಲ್ಲಿ. ರಾತ್ರಿ ದಿಂಬಿನ ಮೇಲೆ ಅಳೆದರೆ 33 ಡೆಸಿಬೆಲ್.

ಟೋನ್ ಜನರೇಟರಿನಲ್ಲಿ ಅವರ ಮೊರೆತ 6,000ದ ಹತ್ತಿರ ಕೂಡುತ್ತದೆ. ಫೋನಿನಲ್ಲಿ ಬ್ರೌನ್ ಹಾಕಿದರೆ ಫುಲ್ ವಾಲ್ಯೂಮ್‌ಗೂ ಉಪಯೋಗವಿಲ್ಲ. ವೈಟ್ ಹಾಕಿದರೆ ಮೊರೆತ ಕರಗುತ್ತದೆ, ಆದರೆ 52 ಡೆಸಿಬೆಲ್. ಆ ಕಡೆಯಿಂದ ಮನೆಯಾಕೆ: “ಏನ್ರೀ ಇದು, ಕುಕ್ಕರ್ ಆಫ್ ಮಾಡೋದು ಮರೆತಂಗಿದೆ!” ಅವರ ಮಾತಿನಲ್ಲಿ ಒಂದು ಸೂಕ್ಷ್ಮವಿದೆ. ಯಜಮಾನರ ಕಿವಿ ಎತ್ತರದ ಸ್ವರದಲ್ಲಿ ಕುಂದಿದೆ, ಆಕೆಯದು ಕುಂದಿಲ್ಲ. ಇವರಿಗೆ ಹದವಾದದ್ದು ಆಕೆಗೆ ಕರ್ಕಶ.

ಪಿಂಕ್‌ಗೆ ಬಂದು, myNoise ಆ್ಯಪಿನಲ್ಲಿ ಎತ್ತರದ ಸ್ವರದ ಎರಡು ಮೂರು ಸ್ಲೈಡರ್‌ಗಳನ್ನಷ್ಟೇ ಸ್ವಲ್ಪ ಎತ್ತಿ, ಸ್ಪೀಕರನ್ನು ಅವರ ಮಗ್ಗುಲಿಗೆ ಐದಡಿ ದೂರದ ಸ್ಟೂಲಿನ ಮೇಲೆ ಅವರ ಕಡೆ ಮುಖ ಮಾಡಿ ಇಟ್ಟಾಗ 46ರಲ್ಲಿ ಮೊರೆತ ಮಾಯ. ಎರಡು ಮೆಟ್ಟಿಲು ಇಳಿಸಿದರೆ 42, ಎಳೆಯಾಗಿ ಕೇಳುತ್ತದೆ. ಅಲ್ಲಿಗೆ ನಿಲ್ಲಿಸಬೇಕು. ಆಚೆ ಬದಿಯ ದಿಂಬಿನಲ್ಲಿ 39, ಆಕೆಯಿಂದ ತಕರಾರಿಲ್ಲ. ನಿದ್ದೆ ಹತ್ತುವುದಷ್ಟೇ ಕಷ್ಟವಾದವರಿಗೆ ಒಂದು ಗಂಟೆಯ ಟೈಮರ್, ನಿಧಾನಕ್ಕೆ ತಗ್ಗುವಂಥದ್ದು, ಸರಿ. ಇವರಿಗೆ ತೊಂದರೆ ಮೂರು ಗಂಟೆಯದು, ಆದ್ದರಿಂದ ಟೈಮರ್ ಬೇಡ, ಬೆಳಗಿನವರೆಗೂ ನಡೆಯಲಿ. ಫೋನಿನಲ್ಲಿ ಈ ಹದ ಕಂಡುಕೊಂಡ ಮೇಲೆ ಕಾರ್ಡ್ ಸ್ಪೀಕರಿಗೆ ಹೋದರೆ ಅಲ್ಲಿ ಸ್ಲೈಡರ್ ಇರುವುದಿಲ್ಲ. ಪಿಂಕ್ ಮತ್ತು ವೈಟ್ ಎರಡು ಫೈಲನ್ನೂ ಹಾಕಿ ಯಾವುದು ಹತ್ತಿರ ಅಂತ ನೋಡಿ ಒಂದನ್ನು ಅಳಿಸಬೇಕು. ಚಾರ್ಜರಿಗೆ ಸಿಕ್ಕಿಸಿಟ್ಟೇ ಮಲಗಿದರೆ ಕರೆಂಟು ಹೋಗಿ ಬಂದಾಗ ಕೆಲವು ಸ್ಪೀಕರ್‌ಗಳು ಪೀಪ್ ಅನ್ನುತ್ತವೆ. ಹಗಲು ಚಾರ್ಜ್ ಮಾಡಿ ರಾತ್ರಿ ಬ್ಯಾಟರಿಯಲ್ಲಿ ನಡೆಸುವುದು ವಾಸಿ.

ಹೀಗೆ ನಾಲ್ಕು ವಾರ ಒಂದೇ ಸದ್ದು, ಒಂದೇ ಮಟ್ಟ. ದಿನಕ್ಕೊಂದು ಬದಲಿಸಿದರೆ ಕಿವಿ ಹೊಸದನ್ನು ಆಲಿಸುತ್ತಾ ಎಚ್ಚರವಾಗಿಯೇ ಇರುತ್ತದೆ. ವಾರದಿಂದ ವಾರಕ್ಕೆ ಹೆಚ್ಚು ವಾಲ್ಯೂಮ್ ಬೇಕೆನಿಸಿದರೆ, ಅಥವಾ ಬೆಳಗ್ಗೆ ಮೊರೆತ ಮೊದಲಿಗಿಂತ ಜೋರಾಗಿದ್ದರೆ, ಪಾತ್ರೆ ಸದ್ದೂ ಚುಚ್ಚತೊಡಗಿದರೆ ನಿಲ್ಲಿಸಿ ಶ್ರವಣ ಪರೀಕ್ಷೆ ಮಾಡಿಸಬೇಕು. ಶ್ರವಣ ಹೆಚ್ಚು ಕುಂದಿರುವವರಿಗೆ ಹಗಲಿನ ಶ್ರವಣಸಾಧನವೇ ಯಾವ ಆ್ಯಪ್‌ಗಿಂತ ಹೆಚ್ಚು ಕೆಲಸ ಮಾಡಬಹುದು. ಅದನ್ನು ನೋಡಿ ಹೇಳಬಲ್ಲವರು ಆಡಿಯಾಲಜಿಸ್ಟ್, ಹತ್ತಿರದಲ್ಲಿ ಸಿಗದಿದ್ದರೆ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ.

ಮಳೆಗಾಲಕ್ಕೆ ಒಂದು ಮಾತು. ಜುಲೈನಲ್ಲಿ ಶೀಟಿನ ಮನೆಯಲ್ಲಿ ಸುರಿಯುವ ಮಳೆಯ ಮುಂದೆ ಯಾವ ಆ್ಯಪ್ ಏನು ಮಾಡೀತು ಅಂತ ಸ್ಪೀಕರ್ ಎತ್ತಿಟ್ಟುಬಿಡುತ್ತಾರೆ. ಮಳೆ ಎರಡು ಗಂಟೆಗೆ ನಿಲ್ಲುತ್ತದೆ, ಸೂರಿನ ಹನಿಯೂ ನಿಂತ ಮೇಲೆ ಮೊರೆತ ಮೇಲೇಳುತ್ತದೆ. ಆ ರಾತ್ರಿಗಳಲ್ಲೂ ಅದೇ 42ಕ್ಕೆ ಹಾಕಿಯೇ ಮಲಗಿ. ಮಳೆ ಇರುವವರೆಗೆ ಅದು ಕೇಳಿಸುವುದಿಲ್ಲ, ಆದರೆ ಕೇಳಿಸಬೇಕೆಂದು ವಾಲ್ಯೂಮ್ ಮುಟ್ಟಬೇಡಿ.